ಉಸಿರಿದೆ, ಕಾವಲಿಲ್ಲ

2018ರ ಜುಲೈ 8ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ ಆಸ್ಟ್ರೇಲಿಯಾದ ಅರಿವಳಿಕೆ ತಜ್ಞ ರಿಚರ್ಡ್ ಹ್ಯಾರಿಸ್ ಕೈಗೊಂಡ ಕೆಲಸಕ್ಕೆ ಯಾವ ವೈದ್ಯಕೀಯ ಪುಸ್ತಕದಲ್ಲೂ ಮಾದರಿ ಇರಲಿಲ್ಲ. ಫುಟ್‌ಬಾಲ್ ತಂಡದ ಹನ್ನೆರಡು ಹುಡುಗರು ಮತ್ತು ಅವರ ಕೋಚ್ ಜೂನ್ 23ರಿಂದ ಒಳಗೆ ಸಿಕ್ಕಿಬಿದ್ದಿದ್ದರು. ಹೊರಬರುವ ದಾರಿಯ ಬಹುಭಾಗ ಕೆಸರುನೀರಿನಲ್ಲಿ ಮುಳುಗಿತ್ತು, ಕೆಲವು ಕಡೆ ಒಬ್ಬ ಮನುಷ್ಯ ನುಸುಳುವುದೇ ಕಷ್ಟ. ಡೈವಿಂಗ್ ಗೊತ್ತಿಲ್ಲದ ಹುಡುಗನೊಬ್ಬ ಆ ಕತ್ತಲ ನೀರಿನಲ್ಲಿ ಗಾಬರಿಬಿದ್ದು ಮುಖವಾಡ ಕಿತ್ತುಹಾಕಿದರೆ ಅವನೂ ಉಳಿಯುವುದಿಲ್ಲ, ಅವನನ್ನು ತರುವವನಿಗೂ ಅಪಾಯ. ಹಾಗಾಗಿ ಪ್ರಜ್ಞೆ ತಪ್ಪಿಸಿಯೇ ತರಬೇಕೆಂದು ತೀರ್ಮಾನವಾಯಿತು. ಮೊದಲು ಅರ್ಧ ಮಿಲಿಗ್ರಾಂ ಅಲ್ಪ್ರಜೋಲಾಮ್ ಮಾತ್ರೆ; ಆಮೇಲೆ ತೊಡೆಗೆ ಪ್ರತಿ ಕಿಲೊ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ಕೆಟಮಿನ್; ಜೊಲ್ಲು ಕಡಿಮೆ ಮಾಡಲು ಅಟ್ರೋಪಿನ್. ನಲವತ್ತು ಕಿಲೊ ತೂಗುವ ಹುಡುಗನಿಗೆ ಇದು 200 ಮಿಲಿಗ್ರಾಂ ಕೆಟಮಿನ್ ಆಗುತ್ತದೆ. ಮುಖ ಪೂರ್ತಿ ಮುಚ್ಚುವ ಮುಖವಾಡ ಬಿಗಿದು, ಕೈಗಳನ್ನು ಹಿಂದಕ್ಕೆ ಕಟ್ಟಿ, ಮುಖ ಕೆಳಗೆ ಮಾಡಿ ನೀರಿಗಿಳಿಸಿದರು. ದಾರಿಯಲ್ಲಿ ಹುಡುಗ ಎಚ್ಚರಗೊಳ್ಳುವ ಸೂಚನೆ ಕಂಡರೆ ಅರ್ಧ ಪ್ರಮಾಣದ ಇನ್ನೊಂದು ಚುಚ್ಚುಮದ್ದು. ಅದನ್ನು ಕೊಟ್ಟವರು ವೈದ್ಯರಲ್ಲ, ಹುಡುಗನನ್ನು ಹೊತ್ತುಕೊಂಡು ಈಜುತ್ತಿದ್ದ ಡೈವರ್‌ಗಳು. ಮೂರು ದಿನಗಳಲ್ಲಿ ಹದಿಮೂರು ಮಂದಿಯೂ ಜೀವಂತವಾಗಿ ಹೊರಬಂದರು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದನ್ನು ಹತ್ತಿರದಿಂದ ನೋಡಿದವರಿಗೆ ಇಲ್ಲಿನ ನಿಜವಾದ ಅಚ್ಚರಿ ಯಾವುದೆಂದು ಹೊಳೆಯುತ್ತದೆ. ಆ ಹುಡುಗರ ಉಸಿರಾಟವನ್ನು ಯಾವ ಯಂತ್ರವೂ ನಡೆಸುತ್ತಿರಲಿಲ್ಲ, ಗಂಟಲಿನಲ್ಲಿ ಕೊಳವೆ ಇರಲಿಲ್ಲ. ಸಂಪೂರ್ಣ ಪ್ರಜ್ಞೆ ತಪ್ಪಿದ ಮಗು ತನ್ನ ಉಸಿರನ್ನು ತಾನೇ ಎಳೆದುಕೊಳ್ಳುತ್ತಿತ್ತು. ಇದೇ ಜಾಗದಲ್ಲಿ ಪ್ರೊಪೋಫಾಲ್ ಅನ್ನೋ, ಮಿಡಜೋಲಾಮ್ ಜೊತೆ ಫೆಂಟನಿಲ್ ಅನ್ನೋ ಬಳಸಿ ಅಷ್ಟೇ ಆಳಕ್ಕೆ ಇಳಿಸಿದ್ದರೆ ಬಹುಶಃ ಮೊದಲ ನೀರ ತಿರುವಿನಲ್ಲೇ ಉಸಿರು ನಿಲ್ಲುತ್ತಿತ್ತು. ಪ್ರಜ್ಞೆ ಎಷ್ಟು ಆಳಕ್ಕೆ ಇಳಿಯುತ್ತದೋ ಉಸಿರೂ ಅಷ್ಟೇ ಕುಗ್ಗುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಹೆಚ್ಚಿನ ಮಂಪರಿನ ಔಷಧಗಳ ಮಟ್ಟಿಗೆ ಅದು ಸರಿಯೂ ಹೌದು. ಕೆಟಮಿನ್ ಮಾತ್ರ ಈ ಎರಡರ ನಂಟನ್ನು ಬಿಡಿಸಿಬಿಡುತ್ತದೆ. ಆದರೆ ಇದನ್ನು ಕೇಳಿದವರು ಬೇಗನೆ ಇನ್ನೊಂದು ತಪ್ಪು ನಂಬಿಕೆಗೆ ಜಾರುತ್ತಾರೆ: ಉಸಿರು ನಿಲ್ಲುವುದಿಲ್ಲವಾದ್ದರಿಂದ ಈ ಔಷಧ ನಿರಪಾಯಕಾರಿ ಎಂದು. ಉಸಿರಾಡುವುದು ಬೇರೆ, ಉಸಿರಿನ ದಾರಿಯನ್ನು ಕಾಯ್ದುಕೊಳ್ಳುವುದು ಬೇರೆ. ಕೆಟಮಿನ್ ಮೊದಲನೆಯದನ್ನು ಬಹುಮಟ್ಟಿಗೆ ಉಳಿಸಿಕೊಡುತ್ತದೆ. ಎರಡನೆಯದರ ಹೊಣೆ ಪಕ್ಕದಲ್ಲಿ ನಿಂತವರ ಮೇಲೆ ಬೀಳುತ್ತದೆ. ಈ ಬರಹದ ವಾದ ಇಷ್ಟೇ, ಅದಕ್ಕೆ ಆಧಾರಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಮಾಮೂಲಿ ಮಂಪರಿನ ಔಷಧಗಳು ಉಸಿರನ್ನು ಹೇಗೆ ತಗ್ಗಿಸುತ್ತವೆ ಎನ್ನುವುದು ಗೊತ್ತಿರಬೇಕು. ಪ್ರೊಪೋಫಾಲ್, ಮಿಡಜೋಲಾಮ್, ಹಳೆಯ ಕಾಲದ ಥಯೋಪೆಂಟೋನ್ ಇವೆಲ್ಲ ಮಿದುಳಿನ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತವೆ. ಗಾಬಾದ ಕೆಲಸ ನರಕೋಶಗಳನ್ನು ಸುಮ್ಮನಾಗಿಸುವುದು. ಅದು ಮಿದುಳಿನ ಒಂದು ಮೂಲೆಯಲ್ಲಿ ಮಾತ್ರ ಇಲ್ಲ, ಮೇಲ್ಪದರದಿಂದ ಮಿದುಳಕಾಂಡದವರೆಗೆ ಎಲ್ಲೆಲ್ಲೂ ಇದೆ. ಹಾಗಾಗಿ ಔಷಧದ ಪ್ರಮಾಣ ಏರಿದಂತೆ ಮೊದಲು ಆತಂಕ ಇಳಿಯುತ್ತದೆ, ಆಮೇಲೆ ನಿದ್ದೆ ಬರುತ್ತದೆ, ಆಮೇಲೆ ಕೂಗಿದರೂ ಏಳದ ಸ್ಥಿತಿ, ಅದಕ್ಕೂ ಮುಂದೆ ಹೋದರೆ ಉಸಿರಾಟದ ಕೇಂದ್ರವೂ ತೂಕಡಿಸತೊಡಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಇನ್ನಷ್ಟು ಜೋರಾಗಿ ಉಸಿರೆಳೆಯಬೇಕೆಂಬ ಒತ್ತಡ ನಮ್ಮಲ್ಲಿ ತಾನಾಗಿ ಹುಟ್ಟುತ್ತದೆ. ಈ ಔಷಧಗಳಲ್ಲಿ ಆ ಒತ್ತಡವೇ ಮಂಕಾಗುತ್ತದೆ. ಜೊತೆಗೆ ನಾಲಿಗೆಯ ಬುಡ ಮತ್ತು ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಿಗೆ ಹಿಂದಕ್ಕೆ ಜಾರಿ ದಾರಿಯನ್ನು ಮುಚ್ಚುತ್ತದೆ. ಮಂಪರಿನಲ್ಲಿರುವ ರೋಗಿ ಗೊರಕೆ ಹೊಡೆಯಲು ಶುರುಮಾಡಿದಾಗ ಅರಿವಳಿಕೆ ತಜ್ಞರು ತಟ್ಟನೆ ಗದ್ದವನ್ನು ಮೇಲೆತ್ತಿ ಹಿಡಿಯುವುದು ಇದೇ ಕಾರಣಕ್ಕೆ. ಮಾರ್ಫಿನ್, ಫೆಂಟನಿಲ್‌ನಂಥ ಅಫೀಮು ಜಾತಿಯ ಔಷಧಗಳ ದಾರಿ ಸ್ವಲ್ಪ ಬೇರೆ. ಮಿದುಳಕಾಂಡದಲ್ಲಿ ಉಸಿರಿನ ಲಯವನ್ನು ಹುಟ್ಟಿಸುವ ಪ್ರಿಬಾಟ್ಸಿಂಗರ್ ಎಂಬ ಪುಟ್ಟ ನರಕೋಶಗಳ ಗುಂಪಿದೆ. ಅದನ್ನು 1991ರಲ್ಲಿ ಗುರುತಿಸಲಾಯಿತು. ಅಫೀಮು ಜಾತಿಯ ಔಷಧಗಳು ಆ ಗುಂಪಿನ ಮೇಲೂ ನೇರವಾಗಿ ಕೆಲಸ ಮಾಡುವುದರಿಂದ ರೋಗಿ ಎಚ್ಚರವಿದ್ದು ಮಾತಾಡಿಸಿದರೆ ಉತ್ತರ ಕೊಡುವಾಗಲೂ ನಿಮಿಷಕ್ಕೆ ಆರೇಳು ಸಲ ಮಾತ್ರ ಉಸಿರಾಡುತ್ತಿರಬಹುದು.

ಕೆಟಮಿನ್ ಈ ಎರಡೂ ಗುಂಪಿಗೆ ಸೇರಿದ್ದಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದರು. ಅದಕ್ಕೂ ಮೊದಲು ಇದರ ಹತ್ತಿರದ ಬಂಧುವಾದ ಫೆನ್‌ಸೈಕ್ಲಿಡಿನ್ ಅನ್ನು ಅರಿವಳಿಕೆಗೆ ಬಳಸಿ ನೋಡಿದ್ದರು. ನೋವು ಪೂರ್ತಿ ಹೋಗುತ್ತಿತ್ತು, ಉಸಿರು ಉಳಿಯುತ್ತಿತ್ತು, ಆದರೆ ರೋಗಿಗಳು ಗಂಟೆಗಟ್ಟಲೆ ಹುಚ್ಚು ಹಿಡಿದವರಂತೆ ವರ್ತಿಸುತ್ತಿದ್ದರು. ಅದಕ್ಕಿಂತ ಬೇಗ ಇಳಿಯುವ ಔಷಧ ಬೇಕಿತ್ತು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗ್ವೆಂಟರ್ ಕಾರ್ಸನ್ ಮಿಷಿಗನ್‌ನ ಜೈಲಿನ ಕೈದಿಗಳ ಮೇಲೆ ಕೆಟಮಿನ್ ಪ್ರಯೋಗಿಸಿದರು. ಕೈದಿಗಳು ಅಂಥ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟರೂ ಅದು ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಇಂದು ಯಾರೂ ಪಕ್ಕಕ್ಕಿಡಲಾರರು. 1970ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಇದನ್ನು ಧಾರಾಳವಾಗಿ ಬಳಸಿದರು. ಆಮ್ಲಜನಕದ ಸಿಲಿಂಡರಾಗಲೀ ಅರಿವಳಿಕೆ ಯಂತ್ರವಾಗಲೀ ಇಲ್ಲದ ಕಡೆ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದು ಇದರಿಂದಲೇ ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದು ದಶಕಗಳಿಂದ ಇದೆ.

ಇದು ಕೆಲಸ ಮಾಡುವುದು ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ದಾರಿಯಲ್ಲಿ. ಗಾಬಾ ಸುಮ್ಮನಾಗಿಸಿದರೆ ಗ್ಲುಟಮೇಟ್ ಎಬ್ಬಿಸುತ್ತದೆ. ಗ್ಲುಟಮೇಟ್ ಬಂದು ಕೂರುವ ಗ್ರಾಹಿಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಎನ್‌ಎಂಡಿಎ ಎಂಬ ಬಗೆಯನ್ನು ಕೆಟಮಿನ್ ಹಿಡಿಯುತ್ತದೆ. ಆ ಗ್ರಾಹಿಯ ನಡುವಿನ ರಂಧ್ರ ತೆರೆದಾಗ ಒಳಹೊಕ್ಕು ಅಲ್ಲೇ ಸಿಕ್ಕಿಕೊಂಡು, ಬಾಟಲಿಗೆ ಬಿರಡೆ ಹಾಕಿದಂತೆ ಮುಚ್ಚಿಬಿಡುತ್ತದೆ. ಕಣ್ಣು, ಕಿವಿ, ಚರ್ಮಗಳಿಂದ ಬಂದ ಸುದ್ದಿ ಮಿದುಳಿನ ಒಳಭಾಗವನ್ನು ತಲುಪುತ್ತದೆ, ಆದರೆ ಅವನ್ನೆಲ್ಲ ಒಟ್ಟುಗೂಡಿಸಿ ‘ಇದು ನನ್ನ ದೇಹ, ಇದು ನನಗೆ ಆಗುತ್ತಿರುವುದು’ ಎಂದು ಅರ್ಥ ಕಟ್ಟುವ ಮೇಲ್ಪದರದ ಭಾಗಗಳ ನಡುವಿನ ಮಾತುಕತೆ ಮುರಿಯುತ್ತದೆ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮುರಿಯುವಿಕೆಗೆ ಒಂದು ಜಾಗವನ್ನು ತೋರಿಸಿತು. ಕೆಟಮಿನ್ ಪಡೆದ ಇಲಿಗಳ ಮಿದುಳಿನ ಹಿಂಭಾಗದ ಒಂದು ಪ್ರದೇಶದಲ್ಲಿ ಸೆಕೆಂಡಿಗೆ ಒಂದರಿಂದ ಮೂರು ಸಲ ಬಡಿಯುವ ನಿಧಾನ ಲಯವೊಂದು ಹುಟ್ಟುತ್ತಿತ್ತು. ಮೂರ್ಛೆರೋಗವಿದ್ದ ಒಬ್ಬ ವ್ಯಕ್ತಿಗೆ ಸೆಳವು ಬರುವ ಮುಂಚೆ ತಾನು ತನ್ನಿಂದಲೇ ಬೇರೆಯಾದಂಥ ಅನುಭವ ಆಗುತ್ತಿತ್ತು. ಆತನ ಮಿದುಳಿನ ಅಂಥದೇ ಪ್ರದೇಶದಲ್ಲಿ, ಅದೇ ಹೊತ್ತಿನಲ್ಲಿ, ಅಂಥದೇ ಲಯ ಕಂಡುಬಂತು. ಆ ಜಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅನುಭವವೂ ಮರುಕಳಿಸಿತು. ಒಬ್ಬನೇ ರೋಗಿಯ ಸಾಕ್ಷ್ಯವಾದ್ದರಿಂದ ಅದರ ಮೇಲೆ ಹೆಚ್ಚಿನ ಭಾರ ಹೇರಬಾರದು. ಆದರೂ ಬೇರ್ಪಟ್ಟ ಭಾವವೆಂದರೆ ಬರೀ ಆಳವಾದ ನಿದ್ದೆ ಅಲ್ಲ, ತನ್ನದೇ ಯಂತ್ರವಿಧಾನವುಳ್ಳ ಪ್ರತ್ಯೇಕ ಸ್ಥಿತಿ ಎಂಬುದಕ್ಕೆ ಅದು ಒಳ್ಳೆಯ ಪುರಾವೆ.

ಆ ಸ್ಥಿತಿ ಹೊರಗಿನಿಂದ ಹೇಗೆ ಕಾಣುತ್ತದೆ ಎನ್ನುವುದಕ್ಕೆ ಆಸ್ಪತ್ರೆಯ ತುರ್ತು ವಿಭಾಗದ ಸಾಮಾನ್ಯ ಸಂದರ್ಭವೊಂದನ್ನು ತೆಗೆದುಕೊಳ್ಳೋಣ. ಆರು ವರ್ಷದ ಮಗು, ತೂಕ ಇಪ್ಪತ್ತು ಕಿಲೊ, ಮರದಿಂದ ಬಿದ್ದು ಮುಂಗೈಯ ಎರಡೂ ಎಲುಬು ಮುರಿದು ಬಾಗಿವೆ. ಎಳೆದು ನೇರ ಮಾಡಿ ಪಟ್ಟಿ ಹಾಕಬೇಕು. ರಕ್ತನಾಳದ ಮೂಲಕ ಕೊಡುವುದಾದರೆ ಪ್ರತಿ ಕಿಲೊಗೆ ಒಂದೂವರೆ ಮಿಲಿಗ್ರಾಂ, ಅಂದರೆ 30 ಮಿಲಿಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ ಇರುತ್ತದೆ. ಆಗ ಬೇಕಾಗುವುದು ಬರೀ 0.6 ಮಿಲಿಲೀಟರ್. ಹತ್ತು ಮಿಲಿಗ್ರಾಂನ ಸೀಸೆಯೂ ಇರುವುದರಿಂದ ಲೇಬಲ್ ಓದದೆ ಸಿರಿಂಜಿಗೆಳೆದರೆ ಐದು ಪಟ್ಟು ವ್ಯತ್ಯಾಸವಾದೀತು. ಔಷಧವನ್ನು ಸಲೈನಿನಲ್ಲಿ ತೆಳುಮಾಡಿ, ಸುಮಾರು ಒಂದು ನಿಮಿಷ ಹಿಡಿಯುವಂತೆ ನಿಧಾನವಾಗಿ ಬಿಡುತ್ತಾರೆ. ಮಗು ಏನೋ ಹೇಳುತ್ತಿರುವಾಗಲೇ ಮಾತು ಅರ್ಧಕ್ಕೆ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ತೆರೆದ ಕಣ್ಣುಗುಡ್ಡೆಗಳು ಪಕ್ಕಕ್ಕೆ ಸಣ್ಣಗೆ ಜಿಗಿಯುತ್ತಿರುತ್ತವೆ, ನೋಟ ಎಲ್ಲಿಯೂ ನೆಟ್ಟಿರುವುದಿಲ್ಲ. ತಾಯಿ ಹೆಸರು ಹಿಡಿದು ಕರೆದರೂ ಉತ್ತರವಿಲ್ಲ. ಎತ್ತಿದ ಕೈ ಎತ್ತಿದಲ್ಲೇ ಸ್ವಲ್ಪ ಹೊತ್ತು ನಿಂತಿರಬಹುದು, ಬಾಯಿ ಏನನ್ನೋ ಚಪ್ಪರಿಸಬಹುದು. ವೈದ್ಯರು ಎಲುಬನ್ನು ಎಳೆದು ಕೂರಿಸುತ್ತಾರೆ, ಮಗು ಅಳುವುದಿಲ್ಲ. ಇಷ್ಟೆಲ್ಲ ನಡೆಯುವಾಗಲೂ ಎದೆ ತನ್ನ ಪಾಡಿಗೆ ಏರಿಳಿಯುತ್ತಿರುತ್ತದೆ, ನಾಡಿ ಮೊದಲಿಗಿಂತ ಜೋರಾಗಿಯೇ ಇರುತ್ತದೆ. ಮೊದಲ ಬಾರಿಗೆ ನೋಡುವ ಹೆತ್ತವರು ಹೆದರುವುದು ಆ ತೆರೆದ ಕಣ್ಣುಗಳನ್ನು ಕಂಡು. ಹೀಗಾಗುತ್ತದೆಂದು ಅವರಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ.

ಒಳಗಿನಿಂದ ಅದು ಹೇಗಿರುತ್ತದೆ ಎನ್ನುವುದನ್ನು ದೊಡ್ಡವರು ವಿವರಿಸಿದ್ದಾರೆ. ದೇಹ ದೂರ ಸರಿದಂತೆ, ಮೇಲಿನಿಂದ ತನ್ನನ್ನೇ ನೋಡುತ್ತಿರುವಂತೆ, ಮಾತುಗಳು ಉದ್ದದ ಸುರಂಗದ ಆಚೆಯಿಂದ ಬಂದಂತೆ, ಕಾಲ ನಿಂತುಹೋದಂತೆ. ಕೆಲವರಿಗೆ ಅದು ಹಿತ, ಕೆಲವರಿಗೆ ಸತ್ತೇಹೋದೆನೆಂಬ ಭೀತಿ. ಕಡಿಮೆ ಪ್ರಮಾಣದಲ್ಲಿ, ಅಂದರೆ ಕಿಲೊಗೆ ಕಾಲು ಮಿಲಿಗ್ರಾಂ ಆಸುಪಾಸಿನಲ್ಲಿ, ನೋವು ತಗ್ಗಿ ತಲೆ ಹಗುರವಾಗುವುದಷ್ಟೇ. ಪ್ರಮಾಣ ಏರಿಸುತ್ತ ಹೋದರೆ ಒಂದು ಹೊಸ್ತಿಲು ಬರುತ್ತದೆ, ರಕ್ತನಾಳಕ್ಕೆ ಕೊಟ್ಟಾಗ ಕಿಲೊಗೆ ಒಂದರಿಂದ ಒಂದೂವರೆ ಮಿಲಿಗ್ರಾಂ ಸುಮಾರಿಗೆ. ಅದನ್ನು ದಾಟಿದವರು ಪೂರ್ತಿ ಬೇರ್ಪಟ್ಟಿರುತ್ತಾರೆ. ಅಲ್ಲಿಂದ ಮುಂದೆ ವಾಡಿಕೆಯ ಮಿತಿಯೊಳಗೆ ಇನ್ನಷ್ಟು ಕೊಟ್ಟರೆ ಸ್ಥಿತಿ ಆಳವಾಗುವುದಕ್ಕಿಂತ ಹೆಚ್ಚಾಗಿ ಉದ್ದವಾಗುತ್ತದೆ. ಪ್ರೊಪೋಫಾಲ್‌ನಂತೆ ಮೆಟ್ಟಿಲು ಮೆಟ್ಟಿಲಾಗಿ ಉಸಿರಿನ ನಿಲುಗಡೆಯತ್ತ ಇಳಿಯುವ ದಾರಿ ಇಲ್ಲಿಲ್ಲ. ಮಂಪರನ್ನು ಹಗುರ, ಮಧ್ಯಮ, ಆಳ ಎಂದು ವಿಂಗಡಿಸುವ ಅರಿವಳಿಕೆಯ ಹಳೆಯ ಅಳತೆಪಟ್ಟಿಯಲ್ಲಿ ಕೆಟಮಿನ್ ಎಲ್ಲೂ ಸರಿಯಾಗಿ ಕೂರದಿರುವುದು ಇದಕ್ಕೇ. ಗುಹೆಯಲ್ಲಿ ಡೈವರ್‌ಗಳ ಕೈಗೆ ಸಿರಿಂಜು ಕೊಡಲು ಸಾಧ್ಯವಾದದ್ದೂ ಇದೇ ಗುಣದಿಂದ: ಸ್ವಲ್ಪ ಹೆಚ್ಚಾದರೆ ಹುಡುಗ ಸ್ವಲ್ಪ ತಡವಾಗಿ ಏಳುತ್ತಾನೆ.

ಇನ್ನು ಉಸಿರೇಕೆ ಉಳಿಯುತ್ತದೆ? ಒಂದು ಕಾರಣ ಮಿದುಳಕಾಂಡದಲ್ಲಿದೆ. ಉಸಿರಿನ ಲಯ ಹುಟ್ಟಿಸುವ ಆ ಪುಟ್ಟ ಗುಂಪಿನ ನರಕೋಶಗಳು ಪರಸ್ಪರ ಎಬ್ಬಿಸಿಕೊಳ್ಳುವುದು ಗ್ಲುಟಮೇಟ್ ಮೂಲಕವೇ. ಆದರೆ ಲಯ ನಡೆಯಲು ಬೇಕಾದದ್ದು ಮುಖ್ಯವಾಗಿ ಎಎಂಪಿಎ ಎಂಬ ಬೇರೆ ಬಗೆಯ, ವೇಗದ ಗ್ರಾಹಿ. ಪ್ರಾಣಿಗಳ ಮಿದುಳಕಾಂಡದ ಪ್ರಯೋಗಗಳಲ್ಲಿ ಎಎಂಪಿಎ ದಾರಿಯನ್ನು ಮುಚ್ಚಿದರೆ ಲಯ ಸಾಯುತ್ತದೆ, ಎನ್‌ಎಂಡಿಎ ದಾರಿಯನ್ನು ಮುಚ್ಚಿದರೆ ನಡೆಯುತ್ತಲೇ ಇರುತ್ತದೆ. ಎನ್‌ಎಂಡಿಎಗೆ ಉಸಿರಿನಲ್ಲಿ ಏನೂ ಕೆಲಸವಿಲ್ಲ ಎಂದಲ್ಲ. ಒಳಗೆಳೆದ ಉಸಿರನ್ನು ಸಕಾಲದಲ್ಲಿ ಕಡಿದು ಹೊರಬಿಡುವ ಹೊಂದಾಣಿಕೆಯಲ್ಲಿ ಅದಕ್ಕೂ ಪಾಲಿದೆ. ಕೆಟಮಿನ್ ಪಡೆದ ಕೆಲವರು ಉಸಿರೆಳೆದು ಅಲ್ಲೇ ಒಂದಿಷ್ಟು ಹೊತ್ತು ಹಿಡಿದುಕೊಂಡಂತೆ ಕಾಣುವುದನ್ನು ಇದರ ಜೊತೆ ಇಟ್ಟು ನೋಡಬಹುದು. ಎರಡನೆಯ ಕಾರಣ ಸ್ನಾಯುಗಳು. ಗಂಟಲು ಮತ್ತು ನಾಲಿಗೆಯ ಬಿಗಿ ಬಹುಮಟ್ಟಿಗೆ ಹಾಗೇ ಉಳಿಯುವುದರಿಂದ ದಾರಿ ಕುಸಿಯುವುದಿಲ್ಲ. ಎದೆ ಮತ್ತು ವಪೆಯ ಬಿಗಿಯೂ ಉಳಿಯುವುದರಿಂದ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಮೊದಲಿನಷ್ಟೇ ಗಾಳಿ ಮಿಕ್ಕಿರುತ್ತದೆ. ಮೂರನೆಯದಾಗಿ, ಕೆಟಮಿನ್ ದೇಹದ ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಏರಿಸುತ್ತದೆ, ಶ್ವಾಸನಾಳಗಳು ಹಿಗ್ಗುತ್ತವೆ. ತೀವ್ರ ಅಸ್ತಮಾದಲ್ಲಿ ಕೃತಕ ಉಸಿರಾಟಕ್ಕೆ ಹಾಕಬೇಕಾಗಿ ಬಂದವರಿಗೆ ವೈದ್ಯರು ಅನೇಕ ಸಲ ಇದನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಗೆ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ: ಕೆಟಮಿನ್‌ನಿಂದ ಉಸಿರು ನಿಂತ ಉದಾಹರಣೆಗಳು ಇಲ್ಲವೇ? ಇವೆ. ತುರ್ತು ವಿಭಾಗಗಳಲ್ಲಿ ಕೆಟಮಿನ್ ಪಡೆದ 8,282 ಮಕ್ಕಳ ದಾಖಲೆಗಳನ್ನು ಒಟ್ಟುಗೂಡಿಸಿ ಸ್ಟೀವನ್ ಗ್ರೀನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳಲ್ಲಿ ಉಸಿರಿಗೆ ಅಥವಾ ಉಸಿರಿನ ದಾರಿಗೆ ಸಂಬಂಧಿಸಿದ ಏನಾದರೊಂದು ತೊಂದರೆ ಕಂಡಿತ್ತು. ಉಸಿರೇ ನಿಂತದ್ದು ನೂರಕ್ಕೆ 0.8, ಧ್ವನಿಪೆಟ್ಟಿಗೆ ಬಿಗಿದು ಮುಚ್ಚಿಕೊಂಡದ್ದು ನೂರಕ್ಕೆ 0.3. ಸಣ್ಣ ಸಂಖ್ಯೆಗಳೇ, ಆದರೆ ಸೊನ್ನೆಯಲ್ಲ. ಎರಡು ವರ್ಷಕ್ಕಿಂತ ಚಿಕ್ಕವರು, ಹದಿಮೂರು ದಾಟಿದವರು, ರಕ್ತನಾಳಕ್ಕೆ ಹೆಚ್ಚಿನ ಪ್ರಮಾಣ ಪಡೆದವರು, ಜೊತೆಗೆ ಮಿಡಜೋಲಾಮ್ ಜಾತಿಯ ಔಷಧ ಪಡೆದವರು, ಅಟ್ರೋಪಿನ್ ಜಾತಿಯದನ್ನು ಪಡೆದವರು ಇವರಲ್ಲಿ ತೊಂದರೆ ಹೆಚ್ಚಿತ್ತು. ಉಸಿರು ನಿಲ್ಲುವುದು ಸಾಮಾನ್ಯವಾಗಿ ಔಷಧವನ್ನು ಒಮ್ಮೆಲೇ ನೂಕಿದಾಗ. ಒಂದು ನಿಮಿಷ ಹಿಡಿಯಬೇಕಾದದ್ದನ್ನು ಐದು ಸೆಕೆಂಡಿನಲ್ಲಿ ಬಿಟ್ಟರೆ ಮಿದುಳಿಗೆ ಒಮ್ಮೆಗೇ ದೊಡ್ಡ ಅಲೆ ತಲುಪುತ್ತದೆ, ಇಂಗಾಲದ ಡೈಆಕ್ಸೈಡ್‌ಗೆ ಪ್ರತಿಕ್ರಿಯಿಸುವ ಒತ್ತಡ ಆಗ ಇಲ್ಲಿಯೂ ತಗ್ಗುತ್ತದೆ. ಬಹುತೇಕ ಅದು ಒಂದೆರಡು ನಿಮಿಷದ ಮಾತು, ಚೀಲ-ಮಾಸ್ಕ್ ಹಿಡಿದು ನಾಲ್ಕಾರು ಸಲ ಗಾಳಿ ಕೊಟ್ಟರೆ ದಾಟುತ್ತದೆ. ಚೀಲ-ಮಾಸ್ಕ್ ಪಕ್ಕದಲ್ಲಿ ಇಲ್ಲದಿದ್ದರೆ ಆ ಒಂದೆರಡು ನಿಮಿಷವೇ ಸಾಕು, ಮಗುವನ್ನು ಕಳೆದುಕೊಳ್ಳಲು.

ಧ್ವನಿಪೆಟ್ಟಿಗೆ ಬಿಗಿದುಕೊಳ್ಳುವುದು ಇದಕ್ಕಿಂತ ಬೇರೆ ಜಾತಿಯ ಅಪಾಯ, ಮತ್ತು ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು. ಗಂಟಲಿನ ಪ್ರತಿಕ್ರಿಯೆಗಳು ಉಳಿದಿರುತ್ತವೆ ಎನ್ನುವುದನ್ನೇ ನಾವು ಕೆಟಮಿನ್‌ನ ಗುಣವೆಂದು ಹೊಗಳುತ್ತೇವೆ. ಆದರೆ ಉಳಿದಿರುವುದು ಅನೇಕ ಸಲ ಅತಿಯಾದ ರೂಪದಲ್ಲಿ. ಜೊಲ್ಲು ಹೆಚ್ಚುತ್ತದೆ, ಅದರ ಒಂದು ಹನಿ ಧ್ವನಿತಂತುಗಳ ಮೇಲೆ ಬಿದ್ದರೆ ಅವು ಬಿಗಿಯಾಗಿ ಮುಚ್ಚಿ ತೆರೆಯದೇ ಉಳಿಯಬಹುದು. ಎಚ್ಚರವಿದ್ದವರು ನುಂಗುತ್ತಾರೆ, ಕೆಮ್ಮಿ ತೆಗೆಯುತ್ತಾರೆ, ತಲೆ ತಿರುಗಿಸುತ್ತಾರೆ. ಬೇರ್ಪಟ್ಟವರಲ್ಲಿ ನುಂಗುವಿಕೆ ಕೆಮ್ಮುವಿಕೆಗಳು ಇದ್ದರೂ, ಆಪತ್ತನ್ನು ಅರಿತು ಅವನ್ನು ಸರಿಯಾದ ಹೊತ್ತಿಗೆ ಬಳಸುವ ಒಡೆಯನೇ ಹಾಜರಿಲ್ಲ. ಇದು ನಡೆಯುತ್ತಿರುವುದನ್ನು ಗುರುತಿಸುವುದೂ ಒಂದು ಕಲೆ. ಮೊದಲು ಉಸಿರೆಳೆಯುವಾಗ ಕೀರಲು ಸದ್ದು ಬರುತ್ತದೆ. ದಾರಿ ಪೂರ್ತಿ ಮುಚ್ಚಿದಾಗ ಆ ಸದ್ದೂ ನಿಲ್ಲುತ್ತದೆ. ಅನುಭವವಿಲ್ಲದವರು ಸದ್ದು ನಿಂತಿತೆಂದು ಸಮಾಧಾನಪಡುವ ಅಪಾಯ ಅಲ್ಲೇ ಇದೆ. ಎದೆ ಒಳಕ್ಕೆ ಸರಿದಾಗ ಹೊಟ್ಟೆ ಉಬ್ಬುತ್ತದೆ, ಕೊರಳ ಬುಡದ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತದೆ, ಎದೆ ಆಡುತ್ತಿದೆ ಆದರೆ ಗಾಳಿ ಆಡುತ್ತಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇನ್ನೂ 98 ತೋರಿಸುತ್ತಿರಬಹುದು, ಮೊದಲೇ ಆಮ್ಲಜನಕ ಕೊಡುತ್ತಿದ್ದರಂತೂ ಅದು ಇಳಿಯಲು ನಿಮಿಷಗಳೇ ಬೇಕು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಮಾತ್ರ ಅದೇ ಕ್ಷಣದಲ್ಲಿ ಅಲೆಯನ್ನು ಕಳೆದುಕೊಂಡು ನೇರ ಗೆರೆಯಾಗುತ್ತದೆ. ಕೆಳದವಡೆಯನ್ನು ಮುಂದಕ್ಕೆ ನೂಕಿ, ಕಿವಿಯ ಹಿಂದಿನ ಗುಳಿಯಲ್ಲಿ ಬಲವಾಗಿ ಒತ್ತಿ, ಮಾಸ್ಕ್ ಬಿಗಿಹಿಡಿದು ಒತ್ತಡದಲ್ಲಿ ಆಮ್ಲಜನಕ ಕೊಟ್ಟರೆ ಹೆಚ್ಚಿನ ಸಲ ತಂತುಗಳು ಸಡಿಲುತ್ತವೆ. ಸಡಿಲದಿದ್ದರೆ ಸ್ನಾಯುಗಳನ್ನೇ ಸಡಿಲಿಸುವ ಸಕ್ಸಿನೈಲ್‌ಕೋಲೀನ್ ಬೇಕು, ಮತ್ತು ಅದನ್ನು ಕೊಟ್ಟಮೇಲೆ ಉಸಿರಾಟವನ್ನು ತಾನೇ ನಡೆಸಬಲ್ಲವರು ಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು. 2019ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಅರೋರಾ ನಗರದಲ್ಲಿ 23 ವರ್ಷದ ಇಲೈಜಾ ಮೆಕ್ಲೇನ್ ಎಂಬ ಯುವಕನನ್ನು ಪೊಲೀಸರು ತಡೆದರು. ಕೊರಳಿಗೆ ಪಟ್ಟು ಹಾಕಿ, ಕೋಳ ತೊಡಿಸಿ ನೆಲಕ್ಕೆ ಅದುಮಿದರು. ಆತ ವಾಂತಿ ಮಾಡಿಕೊಂಡಿದ್ದ. ಆಂಬ್ಯುಲೆನ್ಸ್ ಸಿಬ್ಬಂದಿ ಬಂದು 500 ಮಿಲಿಗ್ರಾಂ ಕೆಟಮಿನ್ ಚುಚ್ಚಿದರು. ಆತನ ತೂಕ ಸುಮಾರು 65 ಕಿಲೊ. ಕಿಲೊಗೆ ಐದರ ಲೆಕ್ಕದಲ್ಲಿ ಆಗಬೇಕಾದದ್ದು 325. ಕಣ್ಣಂದಾಜಿನಲ್ಲಿ ಆತನನ್ನು ಇಪ್ಪತ್ತೈದು ಕಿಲೊ ಹೆಚ್ಚು ಎಂದುಕೊಂಡಿದ್ದರು. ಹೃದಯ ನಿಂತಿತು, ಕೆಲವು ದಿನಗಳ ನಂತರ ಆತ ತೀರಿಕೊಂಡ. ಬಲವಂತವಾಗಿ ಹಿಡಿದಿಟ್ಟ ನಂತರ ಕೊಟ್ಟ ಕೆಟಮಿನ್‌ನ ತೊಡಕುಗಳಿಂದ ಸಾವು ಸಂಭವಿಸಿತೆಂದು ತಿದ್ದಿದ ಶವಪರೀಕ್ಷಾ ವರದಿ ಹೇಳಿತು; 2023ರ ಡಿಸೆಂಬರ್‌ನಲ್ಲಿ ಇಬ್ಬರು ಪ್ಯಾರಾಮೆಡಿಕ್‌ಗಳು ತಪ್ಪಿತಸ್ಥರೆಂದು ತೀರ್ಪಾಯಿತು. ಗುಹೆಯ ಹುಡುಗರಿಗೂ ಈತನಿಗೂ ಕೊಟ್ಟದ್ದು ಒಂದೇ ಔಷಧ, ತೂಕದ ಲೆಕ್ಕದಲ್ಲಿ ಅಂತರ ಒಂದೂವರೆ ಪಟ್ಟು. ಹಾಗಿದ್ದರೆ ಉಸಿರನ್ನು ಉಳಿಸುವ ಔಷಧವೆಂಬ ಮಾತು ಸುಳ್ಳೇ? ನನ್ನ ಉತ್ತರ, ಔಷಧದ ಪ್ರಮಾಣವೊಂದನ್ನೇ ನೋಡಿದರೆ ಈ ಸಾವು ಅರ್ಥವಾಗುವುದಿಲ್ಲ ಎಂಬುದು. ಬಹಳ ಹೊತ್ತು ಹೋರಾಡಿದ ದೇಹದ ರಕ್ತದಲ್ಲಿ ಆಮ್ಲ ಏರಿರುತ್ತದೆ. ಅದನ್ನು ಸರಿದೂಗಿಸಲು ಮಾಮೂಲಿಗಿಂತ ಎಷ್ಟೋ ಹೆಚ್ಚು ಉಸಿರಾಡಲೇಬೇಕು. ಅಂಥವನಲ್ಲಿ ಉಸಿರು ಮಾಮೂಲಿ ಮಟ್ಟಕ್ಕೆ ಇಳಿದರೂ ಅದು ಕೊರತೆಯೇ. ಅದರ ಮೇಲೆ ವಾಂತಿ, ಅದುಮಿದ ಎದೆ, ಗಮನಿಸದ ಕಣ್ಣುಗಳು. ಕೆಟಮಿನ್ ಉಸಿರನ್ನು ಉಳಿಸುತ್ತದೆ ಎಂಬ ಮಾತು ಆರೋಗ್ಯವಂತ, ಮಲಗಿದ, ದಾರಿ ತೆರೆದಿರುವ ದೇಹದ ಬಗ್ಗೆ ಹೇಳಿದ್ದು. ಯಾವ ದೇಹಕ್ಕೆ ಕೊಡುತ್ತಿದ್ದೇವೆ ಎಂದು ನೋಡದವರು ಆ ಮಾತನ್ನು ಆಡುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್ 28ರಂದು ತಮ್ಮ ಮನೆಯ ಬಿಸಿನೀರಿನ ಕೊಳದಲ್ಲಿ ಸತ್ತದ್ದೂ ಇಲ್ಲಿಗೆ ಸಲ್ಲುವ ಸಾಕ್ಷಿ. ಕೆಟಮಿನ್‌ನ ತೀವ್ರ ಪರಿಣಾಮವೇ ಮುಖ್ಯ ಕಾರಣವೆಂದು ಲಾಸ್ ಏಂಜಲೀಸ್‌ನ ವರದಿ ಹೇಳಿತು. ನೀರಿನಲ್ಲಿ ಮುಳುಗಿದ್ದು, ಹೃದಯದ ರಕ್ತನಾಳಗಳ ರೋಗ, ಅಫೀಮು ಜಾತಿಯ ಬ್ಯುಪ್ರೆನಾರ್ಫಿನ್ ಇವನ್ನು ಜೊತೆಗೂಡಿದ ಕಾರಣಗಳೆಂದು ಗುರುತಿಸಿತು. ರಕ್ತದಲ್ಲಿದ್ದ ಕೆಟಮಿನ್ ಪ್ರಮಾಣ ಪೂರ್ಣ ಅರಿವಳಿಕೆಗೆ ಬಳಸುವಷ್ಟಿತ್ತು. ಥಾಯ್ ಹುಡುಗರೂ ಅರಿವಳಿಕೆಯ ಪ್ರಮಾಣದಲ್ಲೇ ನೀರಿನಡಿ ಇದ್ದರು. ಅವರ ಮುಖವಾಡದೊಳಗಿನ ಒತ್ತಡ ಹೊರಗಿನದಕ್ಕಿಂತ ಕೊಂಚ ಹೆಚ್ಚಿರುವಂತೆ ನೋಡಿಕೊಂಡಿದ್ದರು, ಸೋರಿದರೆ ಗಾಳಿ ಹೊರಗೆ ಹೋಗಬೇಕೇ ಹೊರತು ನೀರು ಒಳಗೆ ಬರಬಾರದೆಂದು. ಒಬ್ಬೊಬ್ಬ ಹುಡುಗನ ಉಸಿರಿನ ಗುಳ್ಳೆಗಳನ್ನು ಒಬ್ಬೊಬ್ಬ ಡೈವರ್ ಕೇಳಿಸಿಕೊಳ್ಳುತ್ತಿದ್ದ. ಪೆರಿಯ ಬಳಿ ಆ ಹೊತ್ತಿನಲ್ಲಿ ಅಂಥವರು ಯಾರೂ ಇರಲಿಲ್ಲ. ಎಚ್ಚರವಿರುವ ಮನುಷ್ಯನ ಮೂಗು ನೀರಿಗೆ ತಾಗಿದರೆ ಆತ ತಲೆ ಎತ್ತುತ್ತಾನೆ. ಬೇರ್ಪಟ್ಟವನ ಎದೆ ಎಳೆಯುವ ಉಸಿರು ಗಾಳಿಯದೋ ನೀರಿನದೋ ಎಂದು ಆತನಿಗೆ ತಿಳಿಯುವುದಿಲ್ಲ. ಖಿನ್ನತೆಗೆಂದು ಕೆಟಮಿನ್ ಪಡೆಯುವುದು ಹೆಚ್ಚುತ್ತಿರುವ ಈ ದಿನಗಳಲ್ಲಿ, ಕ್ಲಿನಿಕ್ಕಿನಲ್ಲಿ ನಿಗಾದಡಿ ಪಡೆಯುವುದಕ್ಕೂ ಮನೆಯಲ್ಲಿ ಒಬ್ಬರೇ ಚುಚ್ಚಿಕೊಳ್ಳುವುದಕ್ಕೂ ಇರುವ ಅಂತರ ಪ್ರಮಾಣದ್ದಷ್ಟೇ ಅಲ್ಲವೆಂದು ನಾನು ಒತ್ತಿ ಹೇಳುತ್ತೇನೆ.

ಹಾಗಾದರೆ ಇದನ್ನು ಇನ್ನಷ್ಟು ಬಿಗಿ ಕಾನೂನಿನಲ್ಲಿ ಕಟ್ಟಿಹಾಕಬೇಕೇ ಎಂದರೆ, ಅಲ್ಲಿಯೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ಕೆಟಮಿನ್ ಈಗಾಗಲೇ ಶೆಡ್ಯೂಲ್ ಎಕ್ಸ್ ಔಷಧ. ದಾಸ್ತಾನು, ಲೆಕ್ಕಪುಸ್ತಕ, ಚೀಟಿ ಎಲ್ಲಕ್ಕೂ ಕಟ್ಟುಪಾಡುಗಳಿವೆ. 2015ರಲ್ಲಿ ಚೀನಾ ಇದನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತರಬೇಕೆಂದು ಕೇಳಿದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಪ್ಪಲಿಲ್ಲ. ಬಡ ದೇಶಗಳ ಸಣ್ಣ ಆಸ್ಪತ್ರೆಗಳಲ್ಲಿ ಇದಿಲ್ಲದಿದ್ದರೆ ಸಿಸೇರಿಯನ್, ಸುಟ್ಟಗಾಯದ ಡ್ರೆಸ್ಸಿಂಗ್, ಮುರಿದ ಎಲುಬು ಇವೆಲ್ಲ ಅರಿವಳಿಕೆಯಿಲ್ಲದೆ ನಿಲ್ಲುತ್ತವೆ ಎಂಬ ಅವರ ಆತಂಕ ನ್ಯಾಯವಾದದ್ದು. ಸುಟ್ಟಗಾಯದ ರೋಗಿಗೆ ವಾರಗಟ್ಟಲೆ ಮತ್ತೆ ಮತ್ತೆ ಡ್ರೆಸ್ಸಿಂಗ್ ಬದಲಿಸಬೇಕು. ಪ್ರತಿ ಸಲ ಗಂಟಲಿಗೆ ಕೊಳವೆ ಹಾಕುವಂತಿಲ್ಲ. ಅಂಥವರ ಪಾಲಿಗೆ ಇದಕ್ಕೆ ಸಮನಾದ ಬದಲಿ ಸುಲಭವಾಗಿ ಸಿಗುವುದಿಲ್ಲ. ಕೊರತೆಯಿರುವುದು ಸೀಸೆಯ ಬೀಗದಲ್ಲಲ್ಲ, ಚುಚ್ಚಿದ ಮೇಲಿನ ಮುಕ್ಕಾಲು ಗಂಟೆಯ ನಿಗಾದಲ್ಲಿ. ಕೆಲಸ ಮುಗಿಯಿತೆಂದು ಮಗುವನ್ನು ವಾರ್ಡಿನ ಮೂಲೆಗೆ ತಳ್ಳಿ ಎಲ್ಲರೂ ಚದುರುವ ಹೊತ್ತಿನಲ್ಲೇ ವಾಂತಿ ಬರುತ್ತದೆ. ಮೇಲೆ ಹೇಳಿದ ವಿಶ್ಲೇಷಣೆಯ ಮಕ್ಕಳಲ್ಲಿ ನೂರಕ್ಕೆ ಎಂಟು ಮಂದಿ ವಾಂತಿ ಮಾಡಿದ್ದರು. ಪಕ್ಕಕ್ಕೆ ಮಲಗಿಸಿ, ಬಾಯಿ ಹೀರುವ ಯಂತ್ರವನ್ನು ಕೈಯಳತೆಯಲ್ಲಿಟ್ಟು, ಮಗು ತಾಯಿಯ ಮಾತಿಗೆ ತಾನಾಗಿ ಉತ್ತರಿಸುವವರೆಗೂ ಒಬ್ಬರು ಅಲ್ಲೇ ಕೂರಬೇಕು.

ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ, ವೈದ್ಯರೂ ಇದರಲ್ಲಿ ಒಮ್ಮತದಲ್ಲಿಲ್ಲ. ಎಚ್ಚರಗೊಳ್ಳುವಾಗ ಕೆಲವರು, ಹೆಚ್ಚಾಗಿ ದೊಡ್ಡವರು, ಭಯಾನಕ ದೃಶ್ಯಗಳನ್ನು ಕಂಡು ಕಿರುಚುತ್ತಾರೆ. ಅದನ್ನು ತಡೆಯಲು ಮಿಡಜೋಲಾಮ್ ಸೇರಿಸುವ ವಾಡಿಕೆ ಇದೆ, ದೊಡ್ಡವರಲ್ಲಿ ಅದು ಫಲ ಕೊಡುತ್ತದೆ ಎಂಬುದಕ್ಕೆ ಒಳ್ಳೆಯ ಪ್ರಯೋಗಗಳ ಆಧಾರವೂ ಇದೆ. ಮಕ್ಕಳಲ್ಲಿ ಅಂಥ ಲಾಭ ಸ್ಪಷ್ಟವಾಗಿ ಕಂಡಿಲ್ಲ, ಉಸಿರಿನ ತೊಂದರೆ ಮಾತ್ರ ಹೆಚ್ಚಿದ್ದು ಕಂಡಿದೆ. ಗಾಬಾ ದಾರಿಯನ್ನು ಬಿಟ್ಟು ಬಂದದ್ದಕ್ಕಾಗಿಯೇ ನಾವು ಕೆಟಮಿನ್ ಆರಿಸಿಕೊಂಡೆವು. ಮಿಡಜೋಲಾಮ್ ಸೇರಿಸಿದ ಕ್ಷಣ ಆ ದಾರಿಗೇ ಒಂದು ಹೆಜ್ಜೆ ಹಿಂತಿರುಗುತ್ತೇವೆ. ಹ್ಯಾರಿಸ್ ಅಲ್ಪ್ರಜೋಲಾಮ್ ಕೊಟ್ಟದ್ದು ಇದನ್ನೆಲ್ಲ ಅರಿತೇ. ಗುಹೆಯಲ್ಲಿ ಗಾಬರಿ ಸಾವಿಗೆ ಸಮನಾಗಿತ್ತು, ಮುಚ್ಚಿದ ಮುಖವಾಡದೊಳಗೆ ಜೊಲ್ಲೂ ಅಷ್ಟೇ ಅಪಾಯ. ಹಾಗಾಗಿ ಮಕ್ಕಳ ಆ ವಿಶ್ಲೇಷಣೆಯಲ್ಲಿ ತೊಂದರೆ ಹೆಚ್ಚಿಸಿದ್ದ ಎರಡೂ ಜಾತಿಯ ಔಷಧಗಳನ್ನು ಆತ ಬೇಕೆಂದೇ ತೆಗೆದುಕೊಂಡರು. ನಮ್ಮ ತುರ್ತು ವಿಭಾಗದ ಆರು ವರ್ಷದ ಮಗುವಿಗೆ ಆ ಎರಡೂ ಕಾರಣಗಳು ಇಲ್ಲ. ಅದಕ್ಕೆ ಕೆಟಮಿನ್ ಒಂದೇ ಸಾಕು, ನಿಧಾನವಾಗಿ, ತೂಗಿದ ತೂಕಕ್ಕೆ ತಕ್ಕಂತೆ, ಆಮ್ಲಜನಕ ಮತ್ತು ಚೀಲ-ಮಾಸ್ಕ್ ಪಕ್ಕದಲ್ಲಿಟ್ಟುಕೊಂಡು.